ಲಿವರ್ ಸಿರೋಸಿಸ್ ಇದ್ದಾಗ ಯಾವ ನಿದ್ದೆ ಮಾತ್ರೆ? ಡಯಾಜೆಪಾಮ್, ಲೊರಾಜೆಪಾಮ್, ಆಕ್ಸಜೆಪಾಮ್: ಒಂದು ಹೋಲಿಕೆ

ಸಿರೋಸಿಸ್ ಇರುವವರಿಗೆ ನಿದ್ದೆಗೋ ಆತಂಕಕ್ಕೋ ಮಾತ್ರೆ ಬೇಕಾದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ಇವುಗಳಲ್ಲಿ ಯಾವುದು ಕಡಿಮೆ ಪವರ್‌ನದು?" ಎಂದು. ಈ ಪ್ರಶ್ನೆಯಿಂದ ಉಪಯೋಗ ಕಡಿಮೆ. 5 ಮಿಲಿಗ್ರಾಂ ಡಯಾಜೆಪಾಮ್ ಮತ್ತು 1 ಮಿಲಿಗ್ರಾಂ ಲೊರಾಜೆಪಾಮ್ ಮೊದಲ ರಾತ್ರಿ ಹೆಚ್ಚುಕಡಿಮೆ ಒಂದೇ ತರಹ ಮಲಗಿಸುತ್ತವೆ. ಎರಡು ವಾರ ದಾಟಿದ ಮೇಲೆ ಮಾತ್ರ ಅವು ಬೇರೆ ಬೇರೆ ಔಷಧಗಳೆಂದು ಗೊತ್ತಾಗುತ್ತದೆ. ಆದ್ದರಿಂದ ಕೇಳಬೇಕಾದ್ದು ಇದು: ಈ ಮಾತ್ರೆ ದೇಹದಿಂದ ಹೊರಗೆ ಹೋಗುವುದು ಯಾವ ದಾರಿಯಲ್ಲಿ? ಕಾಯಿಲೆ ಬಿದ್ದ ಲಿವರ್‌ನಲ್ಲಿ ಆ ದಾರಿ ಇನ್ನೂ ತೆರೆದಿದೆಯಾ?

ಇಲ್ಲಿ ಮುಖ್ಯವಾಗಿ ಹೋಲಿಸುತ್ತಿರುವುದು ಬೆಂಜೊಡಯಾಜೆಪೈನ್ ಗುಂಪಿನ ಮೂರು ಮಾತ್ರೆಗಳನ್ನು. ಎಂಡೋಸ್ಕೋಪಿಗೆ ಕೊಡುವ ಇಂಜೆಕ್ಷನ್‌ಗಳ ಮಾತು ಕೊನೆಯ ಕಡೆಗೆ ಸ್ವಲ್ಪ ಬರುತ್ತದೆ. ಇದನ್ನು ಓದಿ ಯಾರೂ ಮಾತ್ರೆ ಶುರು ಮಾಡುವುದೂ ಬೇಡ, ತಾವೇ ಬದಲಿಸುವುದೂ ಬೇಡ. ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಇದು ಸಾಕು.

ಲಿವರ್‌ನೊಳಗೆ ಎರಡು ಹಂತ

ನಿದ್ದೆ ಬರಿಸುವ ಹೆಚ್ಚಿನ ಔಷಧಗಳು ಕೊಬ್ಬಿನಲ್ಲಿ ಕರಗುವಂಥವು. ಇದ್ದ ರೂಪದಲ್ಲೇ ಮೂತ್ರದ ಜೊತೆ ಹೊರಗೆ ಹೋಗಲು ಅವಕ್ಕೆ ಆಗುವುದಿಲ್ಲ. ಲಿವರ್ ಅವುಗಳನ್ನು ನೀರಿನಲ್ಲಿ ಕರಗುವ ಹಾಗೆ ಬದಲಿಸಬೇಕು. ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ಆಕ್ಸಿಡೇಶನ್. ಲಿವರ್ ಕಣದ ಕಿಣ್ವಗಳು ಔಷಧದ ಅಣುವನ್ನು ಅಲ್ಲಲ್ಲಿ ಕತ್ತರಿಸಿ ತಿದ್ದುತ್ತವೆ. ಎರಡನೆಯದರಲ್ಲಿ ಆ ಅಣುವಿಗೆ ಗ್ಲುಕುರೊನಿಕ್ ಆಮ್ಲದ ಒಂದು ತುಂಡು ಅಂಟಿಕೊಳ್ಳುತ್ತದೆ. ಅಲ್ಲಿಗೆ ಔಷಧದ ಶಕ್ತಿ ಮುಗಿದು ಅದು ಮೂತ್ರದಲ್ಲಿ ಹೋಗುತ್ತದೆ.

ಸಿರೋಸಿಸ್ ಈ ಎರಡಕ್ಕೂ ಒಂದೇ ಸಮನಾಗಿ ಹೊಡೆಯುವುದಿಲ್ಲ. ಆಕ್ಸಿಡೇಶನ್ ಬೇಗ ಸೋಲುತ್ತದೆ. ಅದಕ್ಕೆ ಆಮ್ಲಜನಕ ಬೇಕು. ಗಾಯದ ಅಂಗಾಂಶ ತುಂಬಿದ ಲಿವರ್‌ನಲ್ಲಿ ರಕ್ತವೂ ಆಮ್ಲಜನಕವೂ ಕಣಗಳಿಗೆ ಸರಿಯಾಗಿ ತಲುಪುವುದಿಲ್ಲ. ಗ್ಲುಕುರೊನಿಕ್ ಅಂಟಿಸುವ ಕೆಲಸ ಮಾತ್ರ ಕಾಯಿಲೆ ತುಂಬಾ ಮುಂದುವರಿಯುವವರೆಗೂ ಸುಮಾರಾಗಿ ನಡೆಯುತ್ತಿರುತ್ತದೆ. ಮೂರು ಮಾತ್ರೆಗಳ ನಡುವಿನ ಆಯ್ಕೆ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಡಯಾಜೆಪಾಮ್ ಮೊದಲು ಆಕ್ಸಿಡೇಶನ್ ಆಗಿ ನಾರ್‌ಡಯಾಜೆಪಾಮ್ ಆಗುತ್ತದೆ. ಅದಕ್ಕೂ ನಿದ್ದೆ ಬರಿಸುವ ಶಕ್ತಿ ಇದೆ. ಆಯುಷ್ಯವಂತೂ ಡಯಾಜೆಪಾಮ್‌ಗಿಂತ ಜಾಸ್ತಿ. ನಾರ್‌ಡಯಾಜೆಪಾಮ್ ಮತ್ತೊಮ್ಮೆ ಆಕ್ಸಿಡೇಶನ್ ಆಗಿ ಆಕ್ಸಜೆಪಾಮ್ ಆಗುತ್ತದೆ. ಆಕ್ಸಜೆಪಾಮ್‌ಗೆ ಗ್ಲುಕುರೊನಿಕ್ ಅಂಟಿಕೊಂಡು ಹೊರಗೆ ಹೋಗುತ್ತದೆ. ಅಂದರೆ ಆಕ್ಸಜೆಪಾಮ್ ಅನ್ನುವುದು ಡಯಾಜೆಪಾಮ್‌ನ ಕೊನೆಯ ನಿಲ್ದಾಣ. ಅದನ್ನೇ ನೇರವಾಗಿ ಮಾತ್ರೆಯಾಗಿ ಕೊಟ್ಟರೆ ಕೆಟ್ಟುಹೋಗಿರುವ ಎರಡು ಹೆಜ್ಜೆಗಳನ್ನು ದಾಟಿ ಬಂದ ಹಾಗಾಯಿತು, ಅಲ್ವಾ? ಲೊರಾಜೆಪಾಮ್ ಕೂಡ ಆಕ್ಸಿಡೇಶನ್ ತಂಟೆಗೆ ಹೋಗದೆ ನೇರವಾಗಿ ಎರಡನೇ ಹಂತದಲ್ಲೇ ಮುಗಿಯುತ್ತದೆ. ಕುಡಿತ ಬಿಟ್ಟಾಗಿನ ನಡುಕಕ್ಕೆ ಬಹಳ ಕಡೆ ಕೊಡುವ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರ ಡಯಾಜೆಪಾಮ್‌ನ ದಾರಿಯದು. ಅದೂ ದಾರಿಯುದ್ದಕ್ಕೂ ಶಕ್ತಿ ಇರುವ ಮರಿಗಳನ್ನು ಹುಟ್ಟಿಸುತ್ತಾ ಹೋಗುತ್ತದೆ. ಹಾಗಾಗಿ ಡಯಾಜೆಪಾಮ್ ಬಗ್ಗೆ ಇಲ್ಲಿ ಹೇಳುವುದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಲೆಕ್ಕ ಹಾಕಿ ನೋಡಿದರೆ

ದೇಹದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯಕ್ಕೆ ಅರ್ಧಾಯು ಎನ್ನುತ್ತಾರೆ. ಆರೋಗ್ಯವಂತರಲ್ಲಿ ಡಯಾಜೆಪಾಮ್‌ನ ಅರ್ಧಾಯು ಒಬ್ಬೊಬ್ಬರಿಗೆ ಒಂದೊಂದು ತರಹ. ಲೆಕ್ಕಕ್ಕೆ 46 ಗಂಟೆ ಎಂದು ಇಟ್ಟುಕೊಳ್ಳೋಣ. ಸಿರೋಸಿಸ್ ಇದ್ದವರಲ್ಲಿ ಅದು ಎರಡು ಪಟ್ಟಿಗೂ ಸ್ವಲ್ಪ ಹೆಚ್ಚಾಗಿ, ನೂರು ಗಂಟೆ ದಾಟುತ್ತದೆ. 105 ಗಂಟೆ ಎನ್ನೋಣ.

ದಿನಾ ರಾತ್ರಿ 5 ಮಿಲಿಗ್ರಾಂ ತೆಗೆದುಕೊಂಡರೆ ಏನಾಗುತ್ತದೆ? ಮೊದಲ ರಾತ್ರಿ ಇಬ್ಬರ ದೇಹದಲ್ಲೂ 5 ಮಿಲಿಗ್ರಾಂ. ಏನೂ ವ್ಯತ್ಯಾಸವಿಲ್ಲ. ಮರುದಿನ ರಾತ್ರಿಯ ಹೊತ್ತಿಗೆ ಆರೋಗ್ಯವಂತರಲ್ಲಿ ಸುಮಾರು 3.5 ಉಳಿದಿರುತ್ತದೆ. ಸಿರೋಸಿಸ್ ಇರುವವರಲ್ಲಿ 4.3. ಅದರ ಮೇಲೆ ಇನ್ನೊಂದು ಮಾತ್ರೆ ಬೀಳುತ್ತದೆ. ಹೀಗೇ ಕೂಡಿಸುತ್ತಾ ಹೋದರೆ ಆರೋಗ್ಯವಂತರಲ್ಲಿ ಮಾತ್ರೆ ನುಂಗಿದ ಹೊತ್ತಿನ ಒಟ್ಟು ಮೊತ್ತ ಸುಮಾರು 16 ಮಿಲಿಗ್ರಾಂ ಹತ್ತಿರ ಹೋಗಿ ನಿಲ್ಲುತ್ತದೆ. ಸಿರೋಸಿಸ್ ಇರುವವರಲ್ಲಿ ಒಂದು ವಾರಕ್ಕೇ 23 ಆಗುತ್ತದೆ. ಎರಡು ವಾರಕ್ಕೆ 30. ಕೊನೆಗೆ 34ರ ಸುತ್ತ ನಿಲ್ಲುತ್ತದೆ. ಅದೇ ಮಾತ್ರೆ, ಅದೇ ಡೋಸ್. ಇದರಲ್ಲಿ ನಾರ್‌ಡಯಾಜೆಪಾಮ್ ಸೇರಿಲ್ಲ. ಅದು ಬೇರೆಯೇ ಜಮೆಯಾಗುತ್ತಿರುತ್ತದೆ.

ಈ ಲೆಕ್ಕದಲ್ಲಿ ನನಗೆ ಮುಖ್ಯ ಅನಿಸುವುದು 34 ಎಂಬ ಅಂಕಿಗಿಂತ ಅದು ಬರುವ ದಿನ. ಒಂದು ಔಷಧ ತನ್ನ ಮೇಲಿನ ಮಟ್ಟಕ್ಕೆ ಹೋಗಿ ನಿಲ್ಲಲು ನಾಲ್ಕೈದು ಅರ್ಧಾಯು ಹಿಡಿಯುತ್ತದೆ. ಇಲ್ಲಿ ಅದು ಮೂರು ವಾರದ ಹತ್ತಿರ. ಮೊದಲ ಮೂರು ದಿನ "ಮಾತ್ರೆ ಚೆನ್ನಾಗಿ ಒಗ್ಗಿದೆ" ಎಂದು ಎಲ್ಲರೂ ನಿರಾಳವಾಗಿರುತ್ತಾರೆ. ಎರಡನೇ ವಾರದಲ್ಲಿ ಹಗಲು ತೂಕಡಿಕೆ, ಮಾತು ತೊದಲು, ನಡಿಗೆ ಓಲಾಟ ಶುರುವಾಗುತ್ತದೆ. ಆಗ ಹದಿನೈದು ದಿನದ ಹಿಂದೆ ಶುರುವಾದ, ಬದಲಾಗದೇ ಇರುವ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಿಲ್ಲಿಸಿದ ಮೇಲೂ ಅಷ್ಟೇ. ಅರ್ಧಕ್ಕೆ ಇಳಿಯಲು ನಾಲ್ಕು ದಿನಕ್ಕಿಂತ ಜಾಸ್ತಿ ಬೇಕು. ನಿಲ್ಲಿಸಿ ಎರಡು ದಿನವಾದರೂ ಮಂಪರು ಇಳಿಯಲಿಲ್ಲ ಎಂದರೆ ಕಾರಣ ಮಾತ್ರೆಯಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ.

ಈಗ ಲೊರಾಜೆಪಾಮ್. ಆರೋಗ್ಯವಂತರಲ್ಲಿ ಅರ್ಧಾಯು 20 ಗಂಟೆ, ಸಿರೋಸಿಸ್‌ನಲ್ಲಿ 30 ಗಂಟೆ ಎಂದು ಹಿಡಿಯಿರಿ. ರಾತ್ರಿ 1 ಮಿಲಿಗ್ರಾಂ ಕೊಟ್ಟರೆ ಮೊತ್ತ ಸುಮಾರು 1.8ರ ಬದಲು 2.3 ಮಿಲಿಗ್ರಾಂಗೆ ನಿಲ್ಲುತ್ತದೆ. ಅದೂ ಐದಾರು ದಿನದೊಳಗೆ. ಈ ಸ್ವಲ್ಪ ಏರಿಕೆಯೂ ಬಹುಪಾಲು ಔಷಧ ದೇಹದಲ್ಲಿ ಇನ್ನಷ್ಟು ಅಗಲಕ್ಕೆ ಹರಡಿಕೊಳ್ಳುವುದರಿಂದ ಬಂದದ್ದು. ಹೊರಹೋಗುವ ವೇಗ ಅಷ್ಟೇನೂ ತಗ್ಗಿರುವುದಿಲ್ಲ. ಆಕ್ಸಜೆಪಾಮ್‌ನ ಅರ್ಧಾಯು 8 ಗಂಟೆ ಎಂದುಕೊಂಡರೆ ಮರುದಿನ ರಾತ್ರಿಗೆ ಎಂಟನೇ ಒಂದು ಭಾಗ ಮಾತ್ರ ಉಳಿಯುತ್ತದೆ. ರಾತ್ರಿಗೆ ಒಂದೇ ಡೋಸ್ ಆದರೆ ಜಮೆ ಎನ್ನುವ ಮಾತೇ ಹೆಚ್ಚುಕಡಿಮೆ ಇಲ್ಲ.

ಲೊರಾಜೆಪಾಮೋ ಆಕ್ಸಜೆಪಾಮೋ

ಡಯಾಜೆಪಾಮ್ ಬೇಡ ಎಂದಾದ ಮೇಲೆ ಈ ಎರಡರಲ್ಲಿ ಒಂದು. ಲೆಕ್ಕ ಮಾತ್ರ ನೋಡಿದರೆ ಆಕ್ಸಜೆಪಾಮ್ ಗೆಲ್ಲುತ್ತದೆ. ಆದರೆ ಅದಕ್ಕೆ ಎರಡು ತೊಡಕು. ಅದು ಬಾಯಿಂದ ಕೊಡುವ ಔಷಧ ಮಾತ್ರ, ಜೊತೆಗೆ ನಿಧಾನವಾಗಿ ಹೀರಿಕೊಳ್ಳುತ್ತದೆ. ತಕ್ಷಣ ಪರಿಣಾಮ ಬೇಕಾದ ಕಡೆ, ಅಂದರೆ ಫಿಟ್ಸ್ ಬರುತ್ತಿರುವವರಿಗೆ ಅಥವಾ ವಾಂತಿಯಿಂದ ಏನೂ ನಿಲ್ಲದವರಿಗೆ, ಅದರಿಂದ ಪ್ರಯೋಜನವಿಲ್ಲ. ಎಲ್ಲ ದೇಶದ ಔಷಧ ಅಂಗಡಿಗಳಲ್ಲಿ ಅದು ಸಿಗುವುದೂ ಇಲ್ಲ. ಲೊರಾಜೆಪಾಮ್ ಮಾತ್ರೆಯಾಗಿಯೂ ಇದೆ, ನರಕ್ಕೂ ಕೊಡಬಹುದು, ಸ್ನಾಯುವಿಗೂ ಕೊಡಬಹುದು. ಆಸ್ಪತ್ರೆಯಲ್ಲಿ ಅದು ಮುಂದೆ ಬರುವುದು ಈ ಅನುಕೂಲದಿಂದ.

ಡಯಾಜೆಪಾಮ್ ಪರವಾಗಿ ಒಂದು ಮಾತು ಹೇಳಲೇಬೇಕು. ಕುಡಿತ ಬಿಟ್ಟವರ ನಡುಕಕ್ಕೆ ಅದನ್ನು ಇಷ್ಟಪಡಲು ಕಾರಣ ಅದರ ಉದ್ದ ಆಯುಷ್ಯವೇ. ಒಮ್ಮೆ ಕೊಟ್ಟರೆ ತಾನೇ ನಿಧಾನವಾಗಿ ಇಳಿಯುತ್ತದೆ, ಲಕ್ಷಣಗಳು ಮರುಕಳಿಸುವುದು ಕಡಿಮೆ. ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿರುವವರಲ್ಲಿ ಅದು ನಿಜವಾದ ಅನುಕೂಲ. ಲೊರಾಜೆಪಾಮ್‌ನಲ್ಲಿ ಆ ರಕ್ಷಣೆ ಇಲ್ಲ. ಡೋಸ್ ನಡುವೆ ತುಂಬಾ ಅಂತರ ಬಿಟ್ಟರೆ ನಡುಕ ವಾಪಸ್ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ಹಾಗಾಗಿ ಸಿರೋಸಿಸ್‌ನಲ್ಲಿ ಲೊರಾಜೆಪಾಮ್ ಆರಿಸಿಕೊಂಡರೆ ನರ್ಸ್ ಪದೇ ಪದೇ ಬಂದು ನಡುಕ, ಬೆವರು, ಗಾಬರಿಗೆಲ್ಲ ಅಂಕ ಹಾಕಬೇಕು. ಅಂಕ ಏರಿದಾಗ ಮಾತ್ರ ಮುಂದಿನ ಡೋಸ್. ಗಡಿಯಾರ ನೋಡಿ ಕೊಡುವ ಕ್ರಮ ಇಲ್ಲಿ ಒಳ್ಳೆಯದಲ್ಲ. ಯಾಕೆಂದರೆ ನಿದ್ದೆಯಲ್ಲಿರುವವರನ್ನು ಎಬ್ಬಿಸಿ ನಿದ್ದೆ ಔಷಧ ಕೊಟ್ಟ ಹಾಗಾಗುತ್ತದೆ. ಜನ ಕಡಿಮೆ ಇರುವ ವಾರ್ಡ್‌ನಲ್ಲಿ ಈ ನಿಗಾ ಕಷ್ಟ ಎನ್ನುವುದು ನಿಜ. ಆದರೂ ಅದಕ್ಕಾಗಿ ಡಯಾಜೆಪಾಮ್‌ಗೆ ವಾಪಸ್ ಹೋಗುವುದು ಸಿರೋಸಿಸ್ ಇರುವವರಲ್ಲಿ ದುಬಾರಿ ರಾಜಿ ಎಂದೇ ನನ್ನ ಅಭಿಪ್ರಾಯ.

ಜೋಲ್ಪಿಡೆಮ್ ಬಗ್ಗೆಯೂ ಕೇಳುತ್ತಾರೆ. ಅದು ಬೆಂಜೊಡಯಾಜೆಪೈನ್ ಅಲ್ಲ, ಆದ್ದರಿಂದ ಸುರಕ್ಷಿತ ಎನ್ನುವ ನಂಬಿಕೆ ಇದೆ. ಲಿವರ್‌ನಲ್ಲಿ ಅದು ಹೋಗುವುದೂ ಆಕ್ಸಿಡೇಶನ್ ದಾರಿಯಲ್ಲೇ. ಆರೋಗ್ಯವಂತರಲ್ಲಿ ಎರಡು ಗಂಟೆ ಚಿಲ್ಲರೆ ಇರುವ ಅರ್ಧಾಯು ಸಿರೋಸಿಸ್‌ನಲ್ಲಿ ಹತ್ತು ಗಂಟೆಯ ಹತ್ತಿರ ಹೋಗುತ್ತದೆ. ಬೆಳಿಗ್ಗೆ ಎದ್ದಾಗಲೂ ಮಂಪರು ಉಳಿದಿರುತ್ತದೆ. ಸೌಮ್ಯ ಅಥವಾ ಮಧ್ಯಮ ಮಟ್ಟದ ಕಾಯಿಲೆಯಲ್ಲಿ 5 ಮಿಲಿಗ್ರಾಂ ಮೀರಬಾರದು, ತೀವ್ರ ಕಾಯಿಲೆಯಲ್ಲಿ ಕೊಡಲೇಬಾರದು.

ಡೋಸ್ ಎಷ್ಟು ಇಳಿಸಬೇಕು?

ಕಿಡ್ನಿ ಕಾಯಿಲೆಯಲ್ಲಿ ಕ್ರಿಯಾಟಿನಿನ್ ನೋಡಿ ಡೋಸ್ ಲೆಕ್ಕ ಹಾಕಬಹುದು. ಲಿವರ್‌ಗೆ ಅಂಥ ಒಂದೇ ಅಂಕಿ ಇಲ್ಲ. ಬಹಳ ಜನ ಮೋಸ ಹೋಗುವುದು ಎಸ್‌ಜಿಪಿಟಿ ನೋಡಿ. ಅದು ಲಿವರ್ ಕಣಗಳು ಎಷ್ಟು ಒಡೆಯುತ್ತಿವೆ ಎಂದು ಹೇಳುತ್ತದೆಯೇ ಹೊರತು ಉಳಿದ ಕಣಗಳು ಎಷ್ಟು ಕೆಲಸ ಮಾಡುತ್ತಿವೆ ಎಂದು ಹೇಳುವುದಿಲ್ಲ. ಹಳೆಯ ಸಿರೋಸಿಸ್‌ನಲ್ಲಿ ಎಸ್‌ಜಿಪಿಟಿ ಪೂರ್ತಿ ನಾರ್ಮಲ್ ಇರಬಹುದು. ನೋಡಬೇಕಾದ್ದು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಐಎನ್‌ಆರ್, ಹೊಟ್ಟೆಯಲ್ಲಿ ನೀರು ಮತ್ತು ಮೆದುಳಿನ ಮಂಕು. ಈ ಐದಕ್ಕೂ 1ರಿಂದ 3ರವರೆಗೆ ಅಂಕ ಕೊಟ್ಟು ಕೂಡಿಸಿದರೆ ಕಾಯಿಲೆ ಎಷ್ಟು ತೀವ್ರ ಎಂದು ಹೇಳುವ ಚೈಲ್ಡ್-ಪ್ಯೂ ಅಂಕ. 5-6 ಬಂದರೆ ಎ, 7ರಿಂದ 9 ಬಿ, 10ರಿಂದ 15 ಸಿ.

ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. 58 ವರ್ಷ. ಬಿಲಿರುಬಿನ್ 2.5, ಅದಕ್ಕೆ 2 ಅಂಕ. ಆಲ್ಬುಮಿನ್ 2.9, ಅದಕ್ಕೂ 2. ಐಎನ್‌ಆರ್ 1.6, ಅದಕ್ಕೆ 1. ಹೊಟ್ಟೆಯಲ್ಲಿ ಸ್ವಲ್ಪ ನೀರು, 2. ಮಂಕು ಇಲ್ಲ, 1. ಒಟ್ಟು 8, ಅಂದರೆ ಬಿ. ಎಸ್‌ಜಿಪಿಟಿ 32, ನೋಡಲು ಚೆನ್ನಾಗಿಯೇ ಇದೆ. ರಾತ್ರಿ ನಿದ್ದೆ ಇಲ್ಲ ಎಂದು ಯಾರೋ ಡಯಾಜೆಪಾಮ್ 5 ಮಿಲಿಗ್ರಾಂ ಬರೆದಿದ್ದಾರೆ. ಅಸಿಡಿಟಿಗೆ ಒಮೆಪ್ರಜೋಲ್ ಕೂಡ ನಡೆಯುತ್ತಿದೆ. ಇದನ್ನು ಗಮನಿಸಬೇಕು. ಡಯಾಜೆಪಾಮ್ ಕರಗಿಸುವ ಕಿಣ್ವಗಳಲ್ಲಿ ಒಂದನ್ನು ಒಮೆಪ್ರಜೋಲ್ ಹಿಡಿದಿಡುತ್ತದೆ. ಅಂದರೆ ಮೊದಲೇ ಕಿರಿದಾದ ದಾರಿ ಇನ್ನೂ ಕಿರಿದಾಯಿತು.

ಮೇಲಿನ ಲೆಕ್ಕದ ಪ್ರಕಾರ ಇವರಿಗೆ ಡೋಸ್ ಅರ್ಧ ಮಾಡಿ 2.5 ಮಿಲಿಗ್ರಾಂ ಕೊಟ್ಟರೆ ಮೊತ್ತ 17ಕ್ಕೆ ನಿಲ್ಲುತ್ತದೆ. ಆರೋಗ್ಯವಂತರು 5 ಮಿಲಿಗ್ರಾಂ ತೆಗೆದುಕೊಂಡ ಹಾಗೆ. ಕಾಗದದ ಮೇಲೆ ಸರಿಹೋಯಿತು. ಆದರೆ ಎರಡು ಕಾರಣಕ್ಕೆ ಅದೂ ಸಾಲದು. ಒಂದು, ಆಲ್ಬುಮಿನ್ ಕಡಿಮೆ ಇರುವುದರಿಂದ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಔಷಧದ ಪಾಲು ಜಾಸ್ತಿ. ಡಯಾಜೆಪಾಮ್ ಬಹುಪಾಲು ಆಲ್ಬುಮಿನ್‌ಗೆ ಅಂಟಿಕೊಂಡೇ ಇರುವಂಥದ್ದು. ಮೆದುಳಿಗೆ ಹೋಗುವುದು ಬಿಡಿ ಪಾಲು ಮಾತ್ರ. ಎರಡು, ಸಿರೋಸಿಸ್‌ನಲ್ಲಿ ಮೆದುಳೇ ಸೂಕ್ಷ್ಮವಾಗಿರುತ್ತದೆ. ಅಮೋನಿಯಾದಂಥ ವಸ್ತುಗಳು ಲಿವರ್ ದಾಟಿ ಮೆದುಳಿಗೆ ಬರುತ್ತಿರುತ್ತವೆ. ರಕ್ತದಲ್ಲಿ ಅಷ್ಟೇ ಔಷಧ ಇದ್ದರೂ ಮಂಪರು ಹೆಚ್ಚು. ಲೊರಾಜೆಪಾಮ್‌ಗೂ ಇದೇ ಮಾತು. ಅದು ಜಮೆಯಾಗದಿದ್ದರೂ ಡೋಸ್ ಇಳಿಸಲೇಬೇಕು ಎನ್ನುವುದು ಈ ಎರಡನೇ ಕಾರಣಕ್ಕೆ. ಸುರಕ್ಷಿತ ಮಾತ್ರೆ ಆರಿಸಿಕೊಂಡೆವು, ಇನ್ನು ಮಾಮೂಲಿ ಡೋಸ್ ಕೊಡಬಹುದು ಎನ್ನುವುದು ತಪ್ಪು.

ಇವರಿಗೆ ಮಾತ್ರೆ ಬೇಕೇಬೇಕು ಎಂದಾದರೆ ಲೊರಾಜೆಪಾಮ್ 0.5 ಮಿಲಿಗ್ರಾಂ, ಕೆಲವೇ ರಾತ್ರಿಗಳಿಗೆ. ಡೋಸ್ ಏರಿಸುವ ಮುಂಚೆ ಐದಾರು ದಿನ ಕಾಯಬೇಕು. ಯಾಕೆ ಎಂದು ಅರ್ಧಾಯು ಲೆಕ್ಕವೇ ಹೇಳುತ್ತದೆ: ಅಷ್ಟು ದಿನದ ಮುಂಚೆ ಈಗಿನ ಡೋಸ್‌ನ ಪೂರ್ತಿ ಪರಿಣಾಮ ಕಂಡೇ ಇರುವುದಿಲ್ಲ.

ಆದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇವರಿಗೆ ರಾತ್ರಿ ನಿದ್ದೆ ಬರದೆ ಹಗಲು ನಿದ್ದೆ ಬರುತ್ತಿದೆಯಾ? ಹಗಲುರಾತ್ರಿ ಅದಲುಬದಲಾಗುವುದು ಲಿವರ್‌ನಿಂದ ಬರುವ ಮೆದುಳಿನ ಮಂಕಿನ ಶುರುವಾತು ಇರಬಹುದು. ಅಂಥವರಿಗೆ ಬೇಕಾದ್ದು ಲ್ಯಾಕ್ಟುಲೋಸ್, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವ ಹಾಗೆ. ನಿದ್ದೆ ಮಾತ್ರೆ ಕೊಟ್ಟರೆ ಮಂಕು ಆಳವಾಗುತ್ತದೆ. ನೀರು ಹೋಗಲು ಕೊಡುವ ಮಾತ್ರೆಯನ್ನು ಸಂಜೆ ನುಂಗಿ ರಾತ್ರಿಯಿಡೀ ಮೂತ್ರಕ್ಕೆ ಏಳುವವರೂ ಇದ್ದಾರೆ. ಅವರಿಗೆ ಅದನ್ನು ಬೆಳಿಗ್ಗೆಗೆ ಬದಲಿಸಿದರೆ ಸಾಕು. ಮೈ ಕೆರೆತ, ಕಾಲಿನ ಸ್ನಾಯು ಸೆಳೆತ ಇವೂ ನಿದ್ದೆ ಕೆಡಿಸುತ್ತವೆ.

ಒಂದೇ ಸಲದ ಮಂಪರು

ಎಂಡೋಸ್ಕೋಪಿಗೆ ಕೊಡುವ ಔಷಧದಲ್ಲಿ ದಿನದಿನದ ಜಮೆಯ ಪ್ರಶ್ನೆ ಇಲ್ಲ. ಎಷ್ಟು ಹೊತ್ತಿಗೆ ಎಚ್ಚರ ಬರುತ್ತದೆ ಎನ್ನುವುದು ಪ್ರಶ್ನೆ. ಮಿಡಾಜೋಲಾಮ್ ಆಕ್ಸಿಡೇಶನ್ ದಾರಿಯದು. ಸಿರೋಸಿಸ್‌ನಲ್ಲಿ ನರಕ್ಕೆ ಕೊಟ್ಟಾಗಲೂ ಅದು ಹೊರಹೋಗುವ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಾಯಿಂದ ಕೊಟ್ಟರೆ ಇನ್ನೊಂದು ತೊಂದರೆ. ಮಾಮೂಲಿಯಾಗಿ ಕರುಳಿನಿಂದ ಬಂದ ಔಷಧದ ದೊಡ್ಡ ಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಮುಗಿಸಿಬಿಡುತ್ತದೆ. ಸಿರೋಸಿಸ್‌ನಲ್ಲಿ ರಕ್ತ ಲಿವರ್ ಪಕ್ಕದಿಂದ ಅಡ್ಡದಾರಿ ಹಿಡಿಯುವುದರಿಂದ ಆ ಪಾಲೂ ಮೆದುಳಿಗೆ ಬರುತ್ತದೆ. ಹಾಗಾಗಿ ಇಲ್ಲಿ ಮೊದಲ ಡೋಸೇ ಎರಡರಷ್ಟು ಕೊಟ್ಟ ಹಾಗಾಗಬಹುದು. ಪೋರ್ಟಲ್ ಒತ್ತಡ ಇಳಿಸಲು ಲಿವರ್‌ನೊಳಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಇದು ಇನ್ನೂ ಜಾಸ್ತಿ.

ಪ್ರೊಪೊಫಾಲ್ ಲಿವರ್‌ನ ಹೊರಗೂ ಕರಗುತ್ತದೆ. ಒಂದು ಡೋಸ್ ಕೊಟ್ಟಾಗ ಅದು ಮೆದುಳಿನಿಂದ ದೇಹದ ಉಳಿದ ಭಾಗಕ್ಕೆ ಬೇಗ ಹರಡಿಹೋಗುತ್ತದೆ. ಎಚ್ಚರ ಬೇಗ ಬರುತ್ತದೆ, ನಂತರದ ಮಂಕೂ ಕಡಿಮೆ. ಸಿರೋಸಿಸ್ ಇರುವವರಿಗೆ ಎಂಡೋಸ್ಕೋಪಿ ಮಾಡುವಾಗ ಅದನ್ನು ಮುಂದಿಡಲು ಇದೇ ಕಾರಣ. ಅದರ ಅಪಾಯ ಬೇರೆ ಕಡೆ ಇದೆ. ಬಿಪಿ ಬೀಳುತ್ತದೆ, ಉಸಿರು ನಿಲ್ಲಬಹುದು. ಉಸಿರಿನ ಕೊಳವೆ ಹಾಕಲು ಬರುವವರು ಪಕ್ಕದಲ್ಲಿರಬೇಕು. ಅಂಥವರು ಇಲ್ಲದ ಕಡೆ ಮಿಡಾಜೋಲಾಮ್ ಅನ್ನೇ 1 ಮಿಲಿಗ್ರಾಂ ನರಕ್ಕೆ ಕೊಟ್ಟು, ಎರಡು ಮೂರು ನಿಮಿಷ ಕಾದು, ಬೇಕಿದ್ದರೆ ಮಾತ್ರ ಮುಂದುವರಿಯುವುದು ಸರಿ.

ಜಮೆಯಾಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ನನಗೆ ಇಷ್ಟ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂದು ಎಣಿಸುವುದು. 15ಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 10ಕ್ಕಿಂತ ಕಡಿಮೆಯಾದರೆ ಮೆದುಳು ಮಂಕಾಗಿದೆ ಎಂದು ಅನುಮಾನ ಪಡಬೇಕು. ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ ಎಣಿಸಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಬರುತ್ತದೆ. ಜೊತೆಗೆ ದಿನಾ ಒಂದು ಸಾಲು ಬರೆಸಿದರೆ ಅಕ್ಷರ ಕೆಡುವುದೂ ಕಾಣುತ್ತದೆ.

ಮಂಪರು ಔಷಧದ್ದೋ ಲಿವರ್‌ನದ್ದೋ ಎನ್ನುವುದು ಹಾಸಿಗೆ ಪಕ್ಕದ ಕಷ್ಟದ ಪ್ರಶ್ನೆ. ಉಸಿರು ನಿಧಾನವಾಗಿ ಮೇಲುಮೇಲಿನದಾಗಿದ್ದರೆ ಔಷಧದ ಕಡೆ ಅನುಮಾನ ಹೆಚ್ಚು. ಲಿವರ್‌ನ ಮಂಕಿನಲ್ಲಿ ಉಸಿರು ಸಾಮಾನ್ಯವಾಗಿ ನಿಧಾನವಾಗುವುದಿಲ್ಲ, ಕೆಲವರಲ್ಲಿ ವೇಗವೇ ಆಗುತ್ತದೆ. ಎರಡೂ ಕೈ ಮುಂದೆ ಚಾಚಿ ಮಣಿಕಟ್ಟಿನಿಂದ ಹಸ್ತವನ್ನು ಮೇಲಕ್ಕೆ ಮಡಚಿ ಹಿಡಿದಾಗ ಕೈ ಪಟಪಟ ಬಡಿದರೆ ಲಿವರ್‌ನ ಕಡೆ ಬೆರಳು ತೋರಿಸುತ್ತದೆ, ಖಚಿತವಲ್ಲ. ಅಮೋನಿಯಾ ನಾರ್ಮಲ್ ಇದ್ದರೆ ಬೇರೆ ಕಾರಣ ಹುಡುಕಬೇಕು. ಬಹಳ ಸಲ ಎರಡೂ ಸೇರಿಕೊಂಡೇ ಇರುತ್ತವೆ. ಮಾತ್ರೆಯೇ ಮಂಕನ್ನು ಎಬ್ಬಿಸಿರುತ್ತದೆ.

ಬೆಂಜೊಡಯಾಜೆಪೈನ್‌ಗೆ ವಿರುದ್ಧ ಔಷಧ ಫ್ಲುಮಾಜೆನಿಲ್. ಅದನ್ನು ಕೊಟ್ಟು ಎಚ್ಚರವಾದರೆ ಮಾತ್ರೆಯದೇ ತಪ್ಪು ಎಂದು ಸಾಬೀತಾಗುವುದಿಲ್ಲ. ಲಿವರ್‌ನ ಮಂಕಿನಲ್ಲೂ ಕೆಲವರು ಅದರಿಂದ ಸ್ವಲ್ಪ ಹೊತ್ತು ಎಚ್ಚರಗೊಳ್ಳುತ್ತಾರೆ. ಅದರ ಕೆಲಸ ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ. 105 ಗಂಟೆಯ ಡಯಾಜೆಪಾಮ್ ಒಳಗೇ ಇರುತ್ತದೆ. ಕಣ್ಣು ತೆರೆದರು ಎಂದು ಮನೆಗೆ ಕಳಿಸಿದರೆ ದಾರಿಯಲ್ಲೇ ಮತ್ತೆ ಮಲಗಬಹುದು. ತಿಂಗಳುಗಟ್ಟಲೆ ಈ ಮಾತ್ರೆ ನುಂಗಿದವರಿಗೆ ಫ್ಲುಮಾಜೆನಿಲ್ ಕೊಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ಇದೇ ಕಾರಣಕ್ಕೆ ಹಳೆಯ ಡಯಾಜೆಪಾಮ್ ರೋಗಿಗಳಲ್ಲಿ ಮಾತ್ರೆಯನ್ನು ಒಂದೇ ದಿನ ನಿಲ್ಲಿಸುವುದಿಲ್ಲ, ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ ಮಾತ್ರ ಈ ಇಳಿಸುವ ಲೆಕ್ಕವೆಲ್ಲ ಬದಿಗಿಟ್ಟು, ಮುಂದಿನ ಡೋಸ್ ಕೊಡದೆ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಬೇಕು. ಹೋಗುವಾಗ ಮಾತ್ರೆಯ ಪಟ್ಟಿಯೂ ಶುರು ಮಾಡಿದ ತಾರೀಖೂ ಕೈಯಲ್ಲಿರಲಿ.